ವಿಷಯ: ಸೆಟಲ್‌ಮೆಂಟ್ ತಡ – MID 4403817 – STL-251015-0417 ಮತ್ತು STL-251017-0392 – ಒಟ್ಟು ₹1,04,802.70 ಖಾತೆಗೆ ಬಂದಿಲ್ಲ (ಹಿಂದಿನ ಟಿಕೆಟ್ 7718204)

ದಿನಾಂಕ: 28 ಅಕ್ಟೋಬರ್ 2025

ಮರ್ಚಂಟ್ ಸಪೋರ್ಟ್ ವಿಭಾಗದವರಿಗೆ ನಮಸ್ಕಾರ.

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕ. ಅಂಗಡಿಯವರ ಸಗಟು ಆರ್ಡರ್ ಮತ್ತು ಬಿಡಿ ಗಿರಾಕಿಗಳ ಆರ್ಡರ್ ಎರಡನ್ನೂ ನಮ್ಮ ವೆಬ್‌ಸೈಟಿನಲ್ಲಿ ನಿಮ್ಮ ಗೇಟ್‌ವೇ ಮೂಲಕ ತೆಗೆದುಕೊಳ್ಳುತ್ತೇವೆ. ಒಪ್ಪಂದದ ಪ್ರಕಾರ ಹಣ ಎರಡು ಕೆಲಸದ ದಿನಗಳಲ್ಲಿ ಖಾತೆಗೆ ಬರಬೇಕು. ದೀಪಾವಳಿಗೆ ಮುಂಚಿನ ಎರಡು ಸೆಟಲ್‌ಮೆಂಟ್ ಇನ್ನೂ ಬಂದಿಲ್ಲ.

ಟಿಕೆಟ್ 7718204ಕ್ಕೆ ನೀವು ಕೊಟ್ಟ ಉತ್ತರ: "ಹಬ್ಬದ ರಜೆಯ ಕಾರಣ ವಿಳಂಬ, 3ರಿಂದ 5 ಕೆಲಸದ ದಿನ ಕಾಯಿರಿ." ಆದರೆ ಬಾಕಿ ಇರುವ ಎರಡೂ ಸೆಟಲ್‌ಮೆಂಟಿನ ದಿನ, ಅಂದರೆ 15 ಬುಧವಾರ ಮತ್ತು 17 ಶುಕ್ರವಾರ, ಹಬ್ಬದ ರಜೆ ಇರಲಿಲ್ಲ. ರಜೆ ಶುರುವಾಗಿದ್ದು 20ರ ಸೋಮವಾರ. ಅದೂ ಅಲ್ಲದೆ NEFT 2019ರ ಡಿಸೆಂಬರಿನಿಂದ ರಜೆಯಲ್ಲೂ ಹಗಲು ರಾತ್ರಿ ನಡೆಯುತ್ತದೆ. ಇನ್ನೊಂದು ಮಾತು: ಇವು ಎರಡು ಬೇರೆ ಬೇರೆ ಸಮಸ್ಯೆ. ಒಂದರಲ್ಲಿ ಹಣ ಕಳಿಸಿದ್ದೇವೆ ಅನ್ನುತ್ತೀರಿ, ಇನ್ನೊಂದರಲ್ಲಿ ನೀವೇ ತಡೆದಿದ್ದೀರಿ. ದಯವಿಟ್ಟು ಎರಡಕ್ಕೂ ಒಂದೇ ಉತ್ತರ ಕೊಟ್ಟು ಟಿಕೆಟ್ ಮುಚ್ಚಬೇಡಿ.

ಮೊದಲನೆಯದು: STL-251015-0417, ₹51,216.20

ಡ್ಯಾಶ್‌ಬೋರ್ಡಿನಲ್ಲಿ ಸ್ಥಿತಿ `Processed`, ವಿಧಾನ `NEFT`, ದಿನಾಂಕ 15-10-2025. UTR ಅಂತ ತೋರಿಸುತ್ತಿರುವುದು `528814306671`. ಇದರಲ್ಲಿ ಸೇರಿದ ವಹಿವಾಟುಗಳು, ಎಲ್ಲವೂ 13-10-2025ರವು:

ಆರ್ಡರ್ BJ-2281, ಪಾವತಿ ಐಡಿ TXN10130042, ಬೆಳಿಗ್ಗೆ 10:42, ಯುಪಿಐ, RRN 528610427315, ₹31,200, ಕಡಿತ ಇಲ್ಲ.

ಆರ್ಡರ್ BJ-2284, ಪಾವತಿ ಐಡಿ TXN10130057, ಮಧ್ಯಾಹ್ನ 1:15, ಕ್ರೆಡಿಟ್ ಕಾರ್ಡ್, ₹2,500, ಶುಲ್ಕ ₹50, ಜಿಎಸ್‌ಟಿ ₹9, ಬರಬೇಕಾದ್ದು ₹2,441.

ಆರ್ಡರ್ BJ-2289, ಪಾವತಿ ಐಡಿ TXN10130081, ಸಂಜೆ 7:08, ನೆಟ್ ಬ್ಯಾಂಕಿಂಗ್, ₹18,000, ಶುಲ್ಕ ₹360, ಜಿಎಸ್‌ಟಿ ₹64.80, ಬರಬೇಕಾದ್ದು ₹17,575.20.

ಈ ನಂಬರ್ ಹಿಡಿದುಕೊಂಡು ನಮ್ಮ ಬ್ಯಾಂಕ್ ಶಾಖೆಗೆ ಹೋಗಿದ್ದೆ. NEFTನ UTR 16 ಅಕ್ಷರದ್ದು, ಇದು 12 ಅಂಕಿಯದು, ಇದನ್ನು NEFTನಲ್ಲಿ ಹುಡುಕಲು ಆಗುವುದಿಲ್ಲ ಎಂದರು. 12 ಅಂಕಿ IMPS ಅಥವಾ ಯುಪಿಐ ಉಲ್ಲೇಖ ಸಂಖ್ಯೆಗೆ ಹೊಂದುತ್ತದೆ. ಹಾಗಾಗಿ ನೀವು NEFTನಲ್ಲೇ ಕಳಿಸಿದ್ದರೆ ನಿಮ್ಮ ಬ್ಯಾಂಕ್ ಕೊಟ್ಟ 16 ಅಕ್ಷರದ ನಿಜವಾದ UTR ಕೊಡಿ. IMPSನಲ್ಲಿ ಕಳಿಸಿದ್ದರೆ ಹಾಗೆಂದು ಬರೆದು ತಿಳಿಸಿ. ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಶಾಖೆಯವರು ದೂರು ದಾಖಲಿಸಿಕೊಳ್ಳುವುದಿಲ್ಲ.

NEFTನಲ್ಲಿ ಹೋದ ಹಣ ಖಾತೆಗೆ ಜಮಾ ಆಗದಿದ್ದರೆ, ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಕಳಿಸಿದ ಬ್ಯಾಂಕಿಗೇ ವಾಪಸ್ ಆಗಬೇಕು. ಅಂದರೆ ₹51,216.20 ನಮ್ಮ ಖಾತೆಯಲ್ಲಿ ಇಲ್ಲ ಎಂದಮೇಲೆ, ಒಂದೋ ನಿಮ್ಮ ಎಸ್ಕ್ರೋ ಖಾತೆಗೆ ವಾಪಸ್ ಬಂದು ಕೂತಿದೆ, ಇಲ್ಲವೇ ಹೊರಟೇ ಇಲ್ಲ. ಎರಡನ್ನೂ ನಿಮ್ಮ ಎಸ್ಕ್ರೋ ಸ್ಟೇಟ್‌ಮೆಂಟ್ ನೋಡಿಯೇ ಹೇಳಬೇಕು, ನಮ್ಮ ಕಡೆಯಿಂದ ಅದು ಕಾಣುವುದಿಲ್ಲ.

ಖಾತೆ ವಿವರ ತಪ್ಪಿರಬಹುದೆಂಬ ಪ್ರಶ್ನೆ ಬರುವುದು ಬೇಡ. ಕೊನೆಯಲ್ಲಿ 5539 ಇರುವ ಅದೇ ಚಾಲ್ತಿ ಖಾತೆಗೆ 10ನೇ ತಾರೀಖಿನ ಸೆಟಲ್‌ಮೆಂಟ್ ಬಂದಿದೆ, 24ನೇ ತಾರೀಖಿನದೂ ಬಂದಿದೆ. ಮಧ್ಯದಲ್ಲಿ ಖಾತೆಯಾಗಲಿ IFSC ಆಗಲಿ ಬದಲಾಗಿಲ್ಲ.

ಎರಡನೆಯದು: STL-251017-0392, ₹53,586.50

ಇದರ ಸ್ಥಿತಿ `On Hold`. ಕಾರಣದ ಜಾಗ ಖಾಲಿ. ಇಮೇಲ್ ಇಲ್ಲ, ಎಸ್‌ಎಂಎಸ್ ಇಲ್ಲ. ವಹಿವಾಟುಗಳೆಲ್ಲ 15-10-2025ರವು:

ಆರ್ಡರ್ BJ-2297, ಪಾವತಿ ಐಡಿ TXN10150019, ಬೆಳಿಗ್ಗೆ 9:33, ಯುಪಿಐ, RRN 528809330518, ₹1,250.

ಆರ್ಡರ್ BJ-2298, ಪಾವತಿ ಐಡಿ TXN10150033, ಬೆಳಿಗ್ಗೆ 11:27, ಯುಪಿಐ, RRN 528811276042, ₹46,800.

ಆರ್ಡರ್ BJ-2302, ಪಾವತಿ ಐಡಿ TXN10150068, ಸಂಜೆ 4:50, ಕ್ರೆಡಿಟ್ ಕಾರ್ಡ್, ₹3,750, ಶುಲ್ಕ ₹75, ಜಿಎಸ್‌ಟಿ ₹13.50, ಬರಬೇಕಾದ್ದು ₹3,661.50.

ಆರ್ಡರ್ BJ-2305, ಪಾವತಿ ಐಡಿ TXN10150090, ರಾತ್ರಿ 8:11, ಯುಪಿಐ, RRN 528820114867, ₹1,875.

ನನ್ನ ಊಹೆ: BJ-2298ರ ₹46,800 ನೋಡಿ ನಿಮ್ಮ ರಿಸ್ಕ್ ವಿಭಾಗ ತಡೆದಿರಬೇಕು. ನಮ್ಮ ಮಾಮೂಲಿ ಆರ್ಡರಿಗಿಂತ ಅದು ದೊಡ್ಡದು, ನಿಜ. ಆದರೆ ಹಬ್ಬದ ಹೊತ್ತಿಗೆ ಸಗಟು ಆರ್ಡರ್ ಬರದೆ ಇನ್ಯಾವಾಗ ಬರಬೇಕು? ದಾವಣಗೆರೆಯ ಅಂಗಡಿಯೊಂದಕ್ಕೆ ಒಂದಕ್ಕೆ ₹520ರಂತೆ 90 ಪ್ಯಾಂಟ್, ಜಿಎಸ್‌ಟಿ ಸೇರಿ. ಇನ್‌ವಾಯ್ಸ್, ಲಾರಿ ಆಫೀಸಿನ ಎಲ್‌ಆರ್, ಸರಕು ಮುಟ್ಟಿದ ಸಹಿ ಮೂರೂ ಲಗತ್ತಿಸಿದ್ದೇನೆ. ಸರಕಿನ ಮೌಲ್ಯ ₹50,000 ದಾಟದ ಕಾರಣ ಇ-ವೇ ಬಿಲ್ ಮಾಡಿಲ್ಲ, ದಯವಿಟ್ಟು ಅದನ್ನು ಕೇಳಿ ಇನ್ನೊಂದು ವಾರ ತಳ್ಳಬೇಡಿ. ಒಂದು ವೇಳೆ ಆ ಒಂದು ವಹಿವಾಟಿನ ಮೇಲೇ ಅನುಮಾನ ಇದ್ದರೂ ಉಳಿದ ಮೂರನ್ನು ಯಾಕೆ ಕಟ್ಟಿಹಾಕಿದ್ದೀರಿ ಎಂಬುದು ಅರ್ಥವಾಗಿಲ್ಲ. ಆ ₹6,786.50 ಇವತ್ತೇ ಬಿಡಬಹುದು.

ಇದರಲ್ಲೇ ಇನ್ನೊಂದು ಗಂಟು ಇದೆ. BJ-2297ರ ಗಿರಾಕಿಗೆ ಸೈಜ್ ಸರಿಹೋಗಲಿಲ್ಲ, 18-10-2025ರಂದು ಪೂರ್ತಿ ₹1,250 ರೀಫಂಡ್ ಕೊಟ್ಟೆವು (ರೀಫಂಡ್ ಐಡಿ RFD10180007, RRN 529112408873). ಗಿರಾಕಿಗೆ ಹಣ ಮುಟ್ಟಿದೆ. ಆ ₹1,250ನ್ನು ನೀವು 24ರ ಸೆಟಲ್‌ಮೆಂಟಿನಲ್ಲಿ ಮುರಿದುಕೊಂಡಿದ್ದೀರಿ. ಮೂಲ ₹1,250 ಮಾತ್ರ ಇನ್ನೂ ನಿಮ್ಮ ಹತ್ತಿರವೇ ತಡೆದು ನಿಂತಿದೆ. ಹೋಲ್ಡ್ ತೆಗೆಯುವಾಗ ಅದನ್ನು ಇನ್ನೊಮ್ಮೆ ಕಳೆದು ₹52,336.50 ಕಳಿಸಿಬಿಟ್ಟರೆ ಲೆಕ್ಕ ತಪ್ಪುತ್ತದೆ. ಬರಬೇಕಾದ್ದು ₹53,586.50 ಪೂರ್ತಿ.

ನನಗೆ ಬೇಕಿರುವುದು: 0417ಕ್ಕೆ ಸರಿಯಾದ UTR, ಹಣ ವಾಪಸ್ ಬಂದಿದ್ದರೆ ಮರುಪಾವತಿಯ ದಿನಾಂಕ. 0392ಕ್ಕೆ ತಡೆದ ಕಾರಣ, ಇನ್ನೂ ಯಾವುದಾದರೂ ದಾಖಲೆ ಬೇಕಿದ್ದರೆ ಅದರ ಹೆಸರು ಒಂದೇ ಸಲಕ್ಕೆ. ಇವುಗಳಿಗೆ 30ನೇ ತಾರೀಖು ಗುರುವಾರ ಸಂಜೆಯೊಳಗೆ ಲಿಖಿತ ಉತ್ತರ ಬೇಕು. ಶನಿವಾರ ಹೊಲಿಗೆಯವರ ಬಟವಾಡೆ. ವಾಷಿಂಗ್ ಯೂನಿಟ್ಟಿನವರಿಗೂ ಬಾಕಿ ಇದೆ, ಅದು ತೀರದೆ ಮುಂದಿನ ಲಾಟ್ ಬಿಡುವುದಿಲ್ಲ ಎಂದಿದ್ದಾರೆ. ಗುರುವಾರದೊಳಗೆ ಉತ್ತರ ಬರದಿದ್ದರೆ, ನಿಮ್ಮ ಸೈಟಿನಲ್ಲಿ ಹೆಸರಿಸಿರುವ ನೋಡಲ್ ಅಧಿಕಾರಿಗೆ ಇದೇ ಪತ್ರವನ್ನು ಟಿಕೆಟ್ ಸಮೇತ ಕಳಿಸುತ್ತೇನೆ.

ಖಾತೆಯ ಪೂರ್ತಿ ಸಂಖ್ಯೆಯನ್ನು ಇಮೇಲಿನಲ್ಲಿ ಬೇಕೆಂದೇ ಹಾಕಿಲ್ಲ, ನಿಮ್ಮ ದಾಖಲೆಯಲ್ಲಿ ಇದ್ದೇ ಇದೆ. ಫೋನ್ ಮಾಡುವುದಾದರೆ ನೋಂದಾಯಿತ ಮೊಬೈಲಿಗೆ, ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಮಾಡಿ. ಮಾತಾಡಿದ್ದನ್ನು ಆಮೇಲೆ ಈ ಇಮೇಲಿಗೇ ಉತ್ತರವಾಗಿ ಬರೆದೂ ಕಳಿಸಿ. ಓಟಿಪಿ ಕೇಳುವವರ ಕರೆಗೆ ನಾನು ಉತ್ತರ ಕೊಡುವುದಿಲ್ಲ.

ಇಂತಿ,
ಮಂಜುಳಾ
ಮಾಲೀಕರು, ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ
MID 4403817

ಲಗತ್ತು: 10ರಿಂದ 27 ಅಕ್ಟೋಬರ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ (ಶಾಖೆಯ ಮೊಹರಿನೊಂದಿಗೆ), ಎರಡೂ ಸೆಟಲ್‌ಮೆಂಟಿನ ಸ್ಕ್ರೀನ್‌ಶಾಟ್, BJ-2298ರ ಇನ್‌ವಾಯ್ಸ್, ಎಲ್‌ಆರ್ ಮತ್ತು ಸ್ವೀಕೃತಿ, 24ರ ಸೆಟಲ್‌ಮೆಂಟ್ ವರದಿ (ರೀಫಂಡ್ ಕಡಿತದ ಸಾಲು ಗುರುತು ಮಾಡಿದೆ).