ಐದು ಬಣ್ಣ ಸಾಕು: ಒಂದೇ ಒಂದು ಅದಲುಬದಲಿನ ಸಾಧನೆ

ಪ್ರಮೇಯ: ಗೆರೆಗಳು ಒಂದನ್ನೊಂದು ದಾಟದಂತೆ ಹಾಳೆಯ ಮೇಲೆ ಬರೆಯಬಹುದಾದ ಯಾವುದೇ ಗ್ರಾಫ್‌ಗೆ ಐದು ಬಣ್ಣ ಸಾಕು. ಗ್ರಾಫ್ ಎಂದರೆ ಕೆಲವು ಬಿಂದುಗಳು, ಅವುಗಳಲ್ಲಿ ಕೆಲವನ್ನು ಜೋಡಿಸುವ ಗೆರೆಗಳು; ಬಣ್ಣ ಹಚ್ಚುವುದು ಬಿಂದುಗಳಿಗೆ. ಗೆರೆಯಿಂದ ಸೇರಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬರಬಾರದು, ಅಷ್ಟೇ ನಿಯಮ. ಎರಡು ಬಿಂದುಗಳ ನಡುವೆ ಹೆಚ್ಚೆಂದರೆ ಒಂದು ಗೆರೆ.

ಮೊದಲು ಒಂದು ಎಣಿಕೆ. ಗ್ರಾಫ್ ಬಿಡಿ ತುಂಡುಗಳಾಗಿದ್ದರೆ ಒಂದೊಂದಕ್ಕೂ ಬೇರೆಯಾಗಿ ಬಣ್ಣ ಹಚ್ಚಬಹುದು. ಹಾಗಾಗಿ ಒಂದೇ ತುಂಡು ಎಂದುಕೊಳ್ಳಿ. ಆಗ ಆಯ್ಲರ್ ಸೂತ್ರ V − E + F = 2. ಇಲ್ಲಿ V ಬಿಂದುಗಳ ಸಂಖ್ಯೆ, E ಗೆರೆಗಳ ಸಂಖ್ಯೆ, F ಮುಖಗಳ ಸಂಖ್ಯೆ; ಮುಖ ಎಂದರೆ ಗೆರೆಗಳು ಹಾಳೆಯನ್ನು ಪಾಲು ಮಾಡಿದಾಗ ಸಿಗುವ ಒಂದೊಂದು ಭಾಗ, ಹೊರಗಿನದೂ ಸೇರಿ. ಬಿಂದುಗಳು ಮೂರೋ ಜಾಸ್ತಿಯೋ ಇದ್ದರೆ ಪ್ರತಿ ಮುಖಕ್ಕೂ ಕನಿಷ್ಠ ಮೂರು ಅಂಚು, ಪ್ರತಿ ಗೆರೆಗೆ ಎರಡು ಬದಿ. ಅಂದರೆ 3F ≤ 2E. ಎರಡನ್ನೂ ಸೇರಿಸಿದರೆ E ≤ 3V − 6. ಒಂದು ಬಿಂದುವಿಗೆ ತಾಗಿದ ಗೆರೆಗಳ ಸಂಖ್ಯೆಯೇ ಅದರ ಡಿಗ್ರಿ. ಎಲ್ಲ ಡಿಗ್ರಿಗಳ ಮೊತ್ತ 2E, ಅದು 6V ಗಿಂತ ಕಡಿಮೆ. ಎಲ್ಲ ಬಿಂದುಗಳಿಗೂ ಆರಾರು ಗೆರೆ ಇರಲು ಸಾಧ್ಯವೇ ಇಲ್ಲ. ಐದು ಅಥವಾ ಕಡಿಮೆ ಡಿಗ್ರಿಯ ಬಿಂದು ಒಂದಾದರೂ ಸಿಗುತ್ತದೆ.

ಈಗ ಬಿಂದುಗಳ ಸಂಖ್ಯೆಯ ಮೇಲೆ ಇಂಡಕ್ಷನ್: ಚಿಕ್ಕ ಗ್ರಾಫ್‌ಗಳಿಗೆ ಐದು ಬಣ್ಣ ಸಾಕು ಎಂದು ಹಿಡಿದು, ದೊಡ್ಡದಕ್ಕೂ ಸಾಕು ಎಂದು ತೋರಿಸುವುದು. ಐದು ಬಿಂದುಗಳವರೆಗೆ ಹೇಳುವುದೇನಿಲ್ಲ. ದೊಡ್ಡ ಗ್ರಾಫ್‌ನಲ್ಲಿ ಅಂಥ ಒಂದು ಬಿಂದು v ಯನ್ನು ತೆಗೆದುಹಾಕಿ. ಉಳಿದದ್ದು ಚಿಕ್ಕ ಗ್ರಾಫ್, ಅದಕ್ಕೆ ಐದು ಬಣ್ಣ ಹಚ್ಚಿ. ಇನ್ನು v ಯನ್ನು ವಾಪಸ್ ಇಡಬೇಕು. ಅದರ ನೆರೆಯಲ್ಲಿ ಯಾವುದೋ ಒಂದು ಬಣ್ಣ ಇಲ್ಲವೆಂದರೆ ಅದನ್ನೇ v ಗೆ ಕೊಡಿ, ಮುಗಿಯಿತು.

ಕಷ್ಟ ಬರುವುದು ಒಂದೇ ಕಡೆ: ನೆರೆಯ ಬಿಂದುಗಳು ಐದು, ಬಣ್ಣಗಳೂ ಐದು. v ಯ ಸುತ್ತ ಒಂದು ಸುತ್ತು ಬಂದರೆ a ಕೆಂಪು, b ನೀಲಿ, c ಹಸಿರು, d ಹಳದಿ, e ನೇರಳೆ ಎನ್ನೋಣ.

a ಯಿಂದ ಹೊರಟು ಬರೀ ಕೆಂಪು, ಹಸಿರು ಬಿಂದುಗಳ ಮೇಲೆ ನಡೆಯಿರಿ. ಹೀಗೆ ತಲುಪಬಹುದಾದ ಎಲ್ಲ ಬಿಂದುಗಳೂ ಸೇರಿ a ಯ ಸರಪಳಿ. ಅದರಲ್ಲಿ c ಇಲ್ಲವೇ? ಹಾಗಾದರೆ ಸರಪಳಿಯುದ್ದಕ್ಕೂ ಕೆಂಪನ್ನು ಹಸಿರು, ಹಸಿರನ್ನು ಕೆಂಪು ಮಾಡಿ. ಸರಪಳಿಗೆ ತಾಗಿದ ಹೊರಗಿನ ಬಿಂದುಗಳು ಬೇರೆ ಮೂರು ಬಣ್ಣದವು, ಆದ್ದರಿಂದ ಎಲ್ಲೂ ನಿಯಮ ಮುರಿಯುವುದಿಲ್ಲ. a ಈಗ ಹಸಿರು. v ಗೆ ಕೆಂಪು ಸಿಕ್ಕಿತು.

ಸರಪಳಿಯಲ್ಲಿ c ಇದ್ದರೆ? ನನಗೆ ತುಂಬಾ ಇಷ್ಟವಾದ ಜಾಗ ಇದೇ. a ಯಿಂದ c ಗೆ ಕೆಂಪು-ಹಸಿರು ದಾರಿಯಿದೆ. ಅದಕ್ಕೆ v ಯನ್ನೂ ಸೇರಿಸಿದರೆ ಒಂದು ಬೇಲಿ. b ಬೇಲಿಯ ಒಂದು ಕಡೆ, d ಇನ್ನೊಂದು ಕಡೆ. b ಯಿಂದ ನೀಲಿ, ಹಳದಿ ಬಿಂದುಗಳ ಮೇಲೆ ಹೊರಟ ಸರಪಳಿ d ಯನ್ನು ಮುಟ್ಟಬೇಕಾದರೆ ಬೇಲಿ ದಾಟಬೇಕು. ಗೆರೆಗಳು ದಾಟುವಂತಿಲ್ಲ, ಬೇಲಿಯ ಮೇಲಿನ ಬಿಂದುಗಳಲ್ಲಿ ನೀಲಿಯೂ ಇಲ್ಲ, ಹಳದಿಯೂ ಇಲ್ಲ. ಹಾಗಾಗಿ b ಯ ಸರಪಳಿಯಲ್ಲಿ ಧೈರ್ಯವಾಗಿ ನೀಲಿ-ಹಳದಿ ಅದಲುಬದಲು ಮಾಡಿ. b ಹಳದಿಯಾಯಿತು, d ಹಳದಿಯಾಗಿಯೇ ಉಳಿಯಿತು, v ಗೆ ನೀಲಿ.

ಈ ಸರಪಳಿಯ ಉಪಾಯ ಗಣಿತಜ್ಞ ಕೆಂಪ್‌ ಅವರದು. 1879ರಲ್ಲಿ ಅವರು ಇದರಿಂದಲೇ ನಾಲ್ಕು ಬಣ್ಣ ಸಾಕು ಎಂದು ಸಾಧಿಸಹೊರಟರು. ಐದು ಡಿಗ್ರಿಯ ಬಿಂದುವಿಗೆ ಅವರು ಎರಡು ಸರಪಳಿಗಳನ್ನು ಒಟ್ಟಿಗೆ ಬದಲಿಸಿದ್ದರು. ಬಿಡಿಬಿಡಿಯಾಗಿ ಎರಡೂ ಸರಿ. ಆದರೆ ಒಂದನ್ನು ಬದಲಿಸಿದಾಗ ಇನ್ನೊಂದನ್ನು ಕಾಯುತ್ತಿದ್ದ ಬೇಲಿಯೇ ಮುರಿಯಬಹುದು. 1890ರಲ್ಲಿ ಇನ್ನೊಬ್ಬ ಗಣಿತಜ್ಞ ಹೀವುಡ್ ಈ ತಪ್ಪನ್ನು ತೋರಿಸಿ, ಅದೇ ಉಪಾಯದಿಂದ ಐದು ಬಣ್ಣದ ಪ್ರಮೇಯವನ್ನು ಸಾಧಿಸಿದರು. ಮೇಲಿನ ಸಾಧನೆಯನ್ನು ಮತ್ತೊಮ್ಮೆ ನೋಡಿ: ಎರಡು ಸಂದರ್ಭಗಳಲ್ಲೂ ನಾವು ಬದಲಿಸಿದ್ದು ಒಂದೇ ಸರಪಳಿ. ಬೇಲಿ ಕಟ್ಟಿದ ಮೇಲೆ ಅದನ್ನು ಮುಟ್ಟಲೇ ಇಲ್ಲ.