ನಾಳೆ ಬುಧವಾರ, ಪುಂಡಿ ಪಲ್ಯ ಬರ್ತಾ ಇದೆ! 🌿

ಆಳಂದ ರಸ್ತೆಯ ನಮ್ಮ ಹೊಲದಲ್ಲಿ ಪುಂಡಿ ಸೊಂಪಾಗಿ ಬಂದಿದೆ. ಜೊತೆಗೆ ಮುಳ್ಳಿರುವ ಪುಟ್ಟ ಬದನೆಕಾಯಿ, ಎಣ್ಣೆಗಾಯಿಗೆ ಹೇಳಿ ಮಾಡಿಸಿದ ಹಾಗಿದೆ. ಹಾಕಿದ್ದು ಸಗಣಿ ಗೊಬ್ಬರ, ಜೀವಾಮೃತ. ಹುಳಕ್ಕೆ ಬೇವಿನ ಕಷಾಯ ಅಷ್ಟೇ. ಹಾಗಾಗಿ ಎಲೆಯಲ್ಲಿ ಒಂದೆರಡು ತೂತು ಕಂಡರೆ ಗಾಬರಿ ಬೇಡ.

ಪ್ರತಿ ಬುಧವಾರ ಮತ್ತು ಶನಿವಾರ, ಬೆಳಿಗ್ಗೆ 6ರಿಂದ 8ರೊಳಗೆ ತರಕಾರಿ ಚೀಲ ಮನೆಗೆ ತಲುಪಿಸುತ್ತೇವೆ. ನಮ್ಮ ಕಲಬುರಗಿ ಬಿಸಿಲು ಗೊತ್ತಲ್ವಾ, ತಡವಾದರೆ ಸೊಪ್ಪು ಬಾಡುತ್ತದೆ. ಸದ್ಯಕ್ಕೆ ಜೇವರ್ಗಿ ಕಾಲೊನಿ, ಗುಬ್ಬಿ ಕಾಲೊನಿ, ಸೇಡಂ ರಸ್ತೆ ಕಡೆ ಮಾತ್ರ.

4 ಕೆಜಿ ಚೀಲಕ್ಕೆ 280 ರೂಪಾಯಿ. ನಾಲ್ಕು ವಾರಕ್ಕೆ 8 ಚೀಲ, 2,240 ರೂಪಾಯಿ. ಊರಿಗೆ ಹೋಗ್ತೀರಾ? ಹಿಂದಿನ ದಿನ ತಿಳಿಸಿ, ಆ ಚೀಲ ಮುಂದಿನ ವಾರಕ್ಕೆ ಸೇರಿಸುತ್ತೇವೆ.

ಆರ್ಡರ್ ಮಾಡಲು ನಮ್ಮ ಪ್ರೊಫೈಲ್‌ನಲ್ಲಿರುವ ವಾಟ್ಸಾಪ್ ಬಟನ್ ಒತ್ತಿ, ‘ತರಕಾರಿ’ ಅಂತ ಕಳಿಸಿ. ಹೆಸರು, ಮನೆ ವಿಳಾಸ, ಲೊಕೇಶನ್ ಹಾಕಿ. ಬೇಡದ ತರಕಾರಿ ಇದ್ದರೆ ಅದನ್ನೂ ಬರೆಯಿರಿ, ಬದಲಿಗೆ ಬೇರೆ ಹಾಕುತ್ತೇವೆ. ವಾಯ್ಸ್ ಮೆಸೇಜ್ ಆದರೂ ಸರಿ. ಬುಧವಾರದ ಚೀಲಕ್ಕೆ ಮಂಗಳವಾರ, ಶನಿವಾರದ್ದಕ್ಕೆ ಶುಕ್ರವಾರ ಸಂಜೆ 4ರೊಳಗೆ ಹೇಳಿಬಿಡಿ. ಆರ್ಡರ್ ನೋಡಿಕೊಂಡೇ ಕೀಳುತ್ತೇವೆ. ದುಡ್ಡು ಚೀಲ ಕೈಗೆ ಬಂದ ಮೇಲೆ ಕೊಡಿ, ಫೋನ್‌ಪೇ ಆದರೂ ಆಯ್ತು, ನಗದು ಆದರೂ ಆಯ್ತು.

#ಕಲಬುರಗಿ #ಸಾವಯವತರಕಾರಿ #ಪುಂಡಿಪಲ್ಯ