ಬೀಪಿನ ಲೆಕ್ಕ

ತಿಪಟೂರಿನ ಎಪಿಎಂಸಿ ಯಾರ್ಡಿನ ಹಿಂದಿನ ರಸ್ತೆಯಲ್ಲಿದ್ದ ಕೊಬ್ಬರಿ ಗೋದಾಮನ್ನು ರಂಗಯ್ಯ ಹನ್ನೊಂದು ವರ್ಷಗಳಿಂದ ಕಿವಿಯಿಂದಲೇ ಕಾಯುತ್ತಿದ್ದ. ಇಲಿ ಗೋಣಿಚೀಲ ಕಡಿಯುವ ಸದ್ದು ಯಾವುದು, ಬೆಕ್ಕು ತಗಡಿನ ಮೇಲೆ ನಡೆಯುವುದು ಯಾವುದು, ಅರಸೀಕೆರೆಯ ಕಡೆಗೆ ಹೋಗುವ ಗೂಡ್ಸ್ ಗಾಡಿಗೆ ಶಟರು ನಡುಗುವುದು ಯಾವುದು ಎಂಬುದು ಅವನಿಗೆ ಕಣ್ಣು ಮುಚ್ಚಿಕೊಂಡೇ ತಿಳಿಯುತ್ತಿತ್ತು. ಕೊಬ್ಬರಿಯೂ ಕಿವಿಗೆ ಸಿಕ್ಕುವ ಪದಾರ್ಥವೇ. ಕಾಯನ್ನು ಅಟ್ಟಕ್ಕೆ ಹಾಕಿ ವರ್ಷ ಹತ್ತಿರವಾದಾಗ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಒಳಗೆ ಗಡಗಡ ಎನ್ನುತ್ತದೆ; ಆ ಸದ್ದು ಕೇಳಿಯೇ ಉಂಡೆ ಕೂಡಿದೆಯೋ ಇಲ್ಲವೋ ಎಂದು ಹೇಳುತ್ತಿದ್ದ ತಂದೆಯ ಮಗ ಅವನು.

ಯುಗಾದಿ ಕಳೆದ ವಾರ ಪಕ್ಕದ ಗೋದಾಮಿನಲ್ಲಿ ಆರು ಚೀಲ ಕಳುವಾದವು. ಮಂಡಿ ಮಾಲೀಕರ ಮಗ ಮಹೇಶ ಬೆಂಗಳೂರಿನಿಂದ ಇಬ್ಬರು ಹುಡುಗರನ್ನು ಕರೆಸಿ, ರಂಗಯ್ಯ ಕೂರುವ ಮುಂದಿನ ಕೋಣೆಯ ಗೋಡೆಗೆ ಬಿಳಿಯ ಪೆಟ್ಟಿಗೆಯೊಂದನ್ನು ಹಾಕಿಸಿದ. ಅಂಗೈಯಗಲದ ಪರದೆ, ಅದರ ಕೆಳಗೆ ಹನ್ನೆರಡು ಗುಂಡಿ, ಬದಿಯಲ್ಲಿ ಹಸಿರು, ಕೆಂಪು, ಹಳದಿ ದೀಪಗಳು. ಶಟರಿಗೆ, ಕೋಣೆಯಿಂದ ಗೋದಾಮಿಗೆ ಹೋಗುವ ಬಾಗಿಲಿಗೆ ಮತ್ತು ಹಿಂದಿನ ಕಿಟಕಿಗೆ ಅಯಸ್ಕಾಂತದ ತುಂಡುಗಳು ಅಂಟಿದವು. ಒಳಗಿನ ತೊಲೆಯ ಮೇಲೆ ಮನುಷ್ಯ ಸುಳಿದರೆ ಹಿಡಿಯುವ ಒಂದು ಕಣ್ಣು ಕುಳಿತಿತು. ಹುಡುಗರು ಹತ್ತು ನಿಮಿಷ ಗುಂಡಿ ಒತ್ತಿ ತೋರಿಸಿ, ಇಂಗ್ಲಿಷಿನ ಸಣ್ಣ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, ಸಂಜೆಯ ರೈಲಿಗೆ ಹೊರಟುಹೋದರು. ಮಹೇಶ ನಾಲ್ಕಂಕಿಯ ಗುಟ್ಟಿನ ಸಂಖ್ಯೆಯನ್ನು ಕಿವಿಯಲ್ಲಿ ಹೇಳಿ, "ಇದು ನಿಮಗೆ, ನನಗೆ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು ರಂಗಯ್ಯ" ಎಂದ.

ಮೊದಲ ರಾತ್ರಿ ಹತ್ತು ಗಂಟೆಗೆ ರಂಗಯ್ಯ ಹೇಳಿಕೊಟ್ಟಂತೆಯೇ ಸಂಖ್ಯೆ ಒತ್ತಿದ. ಪೆಟ್ಟಿಗೆ ಬೀಪ್ ಬೀಪ್ ಎನ್ನತೊಡಗಿತು. ಒಳಗೆ ಏನೋ ಕೆಟ್ಟಿದೆ, ಅದಕ್ಕೇ ಕೂಗುತ್ತಿದೆ ಎಂದುಕೊಂಡು ಅವನು ಟಾರ್ಚು ಹಿಡಿದು ಗೋದಾಮಿನೊಳಕ್ಕೆ ಹೋಗಿ ಚೀಲಗಳ ಸಾಲನ್ನು ನೋಡುತ್ತ ನಿಂತಿರುವಾಗ ಸೈರನ್ ಹೊಡೆದುಕೊಂಡಿತು. ನಾಲ್ಕು ದಿನದ ಮೇಲೆ ನಡುರಾತ್ರಿ ಎರಡು ಗಂಟೆಗೆ, ಈ ಬಾರಿ ಯಾರೂ ಒಳಗಿಲ್ಲದೆ, ಮತ್ತೆ ಹೊಡೆದುಕೊಂಡಿತು. ಎರಡು ಸಲವೂ ಮಹೇಶ ಬನಿಯನ್ನಿನಲ್ಲೇ ಬೈಕು ಹತ್ತಿ ಬಂದ. ಎರಡನೆಯ ಸಲ ಅವನು ಬಯ್ಯಲಿಲ್ಲ. "ಇದು ಬರುವ ಹುಡುಗ ಯಾರಾದರೂ ಇದ್ದರೆ ನೋಡಬೇಕಾಗುತ್ತೇನೋ" ಎಂದಷ್ಟೇ ಹೇಳಿ ಹೋದ. ಬೈಗುಳಕ್ಕಿಂತ ಅದು ರಂಗಯ್ಯನಿಗೆ ಹೆಚ್ಚು ನಾಟಿತು. ಅವನಿಗೆ ಐವತ್ತೆಂಟು, ನಾಲ್ಕನೇ ಇಯತ್ತೆ ಓದಿದ್ದ, ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದ, ಇಂಗ್ಲಿಷಿನಲ್ಲಿ ಬಸ್ಸಿನ ನಂಬರನ್ನು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಮರುದಿನ ಪುಸ್ತಕವನ್ನು ಊಟದ ಚೀಲದಲ್ಲಿಟ್ಟುಕೊಂಡು ಮನೆಗೆ ತಂದ. ವಠಾರದ ಪಕ್ಕದ ಮನೆಯ ಜಗಲಿಯಲ್ಲಿ ನಿಂಗಮ್ಮನ ಮಗಳು ಚೈತ್ರ ಬೇಸಿಗೆ ರಜೆಯ ಬೇಸರ ಕಳೆಯಲು ಹುಣಸೆ ಬೀಜಗಳಿಂದ ಚೌಕಾಬಾರ ಆಡುತ್ತಿದ್ದಳು. ಆರನೇ ತರಗತಿ ಮುಗಿಸಿದ್ದಳು.

"ಪುಟ್ಟಿ, ಇದನ್ನ ಓದೋಕ್ ಬರುತ್ತಾ ನೋಡವ್ವ."

ಅವಳು ಪುಸ್ತಕವನ್ನು ತಿರುಗಿಸಿ, ಚಿತ್ರವಿದ್ದ ಪುಟ ಹುಡುಕಿ, ಬೆರಳಿಟ್ಟು ಓದಿದಳು. ARM ಎಂಬಲ್ಲಿ ಬಂದು ನಿಂತಳು. "ತಾತ, ಆರ್ಮ್ ಅಂದ್ರೆ ತೋಳು. ಸಿಸ್ಟಮ್‌ಗೆ ತೋಳು ಅಂತ ಬರೆದಿದಾರೆ." ಇಬ್ಬರೂ ಆ ತೋಳಿನ ಮೇಲೆ ಅರ್ಧ ಗಂಟೆ ಕಳೆದರು. ಕೊನೆಗೆ, ಸಂಖ್ಯೆ ಒತ್ತಿದ ಮೇಲೆ ಕೆಂಪು ದೀಪ ಹತ್ತುವಾಗ ಆ ಮಾತು ಬರುತ್ತದೆ ಎಂದು ರಂಗಯ್ಯ ನೆನಪಿಸಿಕೊಂಡು ಹೇಳಿದ್ದರಿಂದ, ಕಾವಲು ಹಾಕುವುದಕ್ಕೆ ಆ ಪದ ಎಂದು ಚೈತ್ರ ತೀರ್ಮಾನಿಸಿದಳು. ನಿಘಂಟಿಲ್ಲದ ಮನೆಯಲ್ಲಿ ಅರ್ಥಗಳು ಹೀಗೆಯೇ ಹುಟ್ಟಬೇಕಾಗಿತ್ತು, ಮತ್ತು ನನಗೆ ಅನ್ನಿಸುವಂತೆ ಅವು ಹೆಚ್ಚು ಗಟ್ಟಿಯಾಗಿಯೇ ಹುಟ್ಟಿದವು. DISARM ಎಂದರೆ ಕಾವಲು ತೆಗೆಯುವುದು. ZONE ಎಂದರೆ ಜಾಗ: ಒಂದು ಶಟರು, ಎರಡು ಒಳಬಾಗಿಲು, ಮೂರು ತೊಲೆಯ ಕಣ್ಣು, ನಾಲ್ಕು ಹಿಂದಿನ ಕಿಟಕಿ. NOT READY ಎಂದರೆ ಯಾವುದೋ ಬಾಗಿಲು ತೆರೆದಿದೆ, ಮುಚ್ಚಿಬಂದು ಒತ್ತು.

ಬಿಸ್ಕತ್ತಿನ ರಟ್ಟನ್ನು ಕತ್ತರಿಸಿ ಅವಳು ಪೆಟ್ಟಿಗೆಯ ನಕಲನ್ನೇ ಮಾಡಿದಳು. ಹನ್ನೆರಡು ಗುಂಡಿ, ಮೂರು ಬಣ್ಣದ ದೀಪ, ಪರದೆಯ ಜಾಗದಲ್ಲಿ ತೂರಿಸಿ ತೆಗೆಯಲು ಬರುವ ಕಾಗದದ ಪಟ್ಟಿಗಳು. ಪ್ರತಿ ಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರ, ಅದರ ಬೆನ್ನಿಗೆ ಕನ್ನಡ. "ಈಗ ನಿಮ್ಮ ನಂಬರ್ ಒತ್ತಿ ತಾತ" ಎಂದಾಗ ರಂಗಯ್ಯನ ಬೆರಳು ರಟ್ಟಿನ ಮೇಲೆ ಹೋಗಿ ನಿಂತಿತು. ಅವಳ ಮುಖ ನೋಡಿದ.

"ಅದನ್ನ ಹೇಳೋ ಹಾಗಿಲ್ಲ ಕಣವ್ವ."

"ಹಾಗಾದ್ರೆ ಸುಳ್ಳು ನಂಬರ್ ಇಟ್ಕೊಳ್ಳೋಣ. ಒಂದು ಎರಡು ಮೂರು ನಾಲ್ಕು."

ಕಲಿಕೆಯೆಲ್ಲ ಆ ಸುಳ್ಳು ಸಂಖ್ಯೆಯ ಮೇಲೆಯೇ ನಡೆಯಿತು. ಆದರೆ ಮೂರು ದಿನ ಕಳೆದರೂ ಪಟ್ಟಿಗಳು ರಂಗಯ್ಯನ ತಲೆಯಲ್ಲಿ ನಿಲ್ಲಲಿಲ್ಲ. READY ಮತ್ತು NOT READY ಅವನ ಕಣ್ಣಿಗೆ ಒಂದೇ ಕುಟುಂಬದವರಂತೆ ಕಾಣುತ್ತಿದ್ದವು. ಚೈತ್ರಳಿಗೆ ತಾಳ್ಮೆ ಕೆಟ್ಟು, "ಅದು ಹೇಗೆ ಕೂಗುತ್ತೆ ಅಂತನಾದ್ರೂ ಗೊತ್ತಾ ತಾತ?" ಎಂದು ಕೇಳಿದಳು. ರಂಗಯ್ಯ ಬಾಯಿಯಿಂದ ಕೂಗಿ ತೋರಿಸಿದ. ಒಂದು ಸೆಕೆಂಡಿಗೊಂದರಂತೆ ನಿಧಾನವಾಗಿ, ಕೊನೆಗೆ ಬಡಬಡನೆ. ಒಂದೇ ಒಂದು ಉದ್ದನೆಯದು. ಒಟ್ಟಾಗಿ ಎರಡು, ತುಸು ಬಿಟ್ಟು ಮತ್ತೆ ಎರಡು. ಅಷ್ಟು ದಿನಗಳಲ್ಲಿ ಆ ಪೆಟ್ಟಿಗೆ ಮಾಡಿದ ಸದ್ದುಗಳೆಲ್ಲ ಅವನಲ್ಲಿ ಒಂದೂ ಕೆಡದೆ ಕೂತಿದ್ದವು.

ಅವಳು ಪುಸ್ತಕದ ಪುಟಗಳನ್ನು ಹಿಂದೆ ಮುಂದೆ ತಿರುವಿ ಒಂದೊಂದನ್ನೇ ಜೋಡಿಸಿದಳು. ಸೆಕೆಂಡಿಗೊಂದು ಬೀಪ್ ಎಂದರೆ ಕಾವಲು ಬೀಳಲು ನಲವತ್ತೈದು ಸೆಕೆಂಡು ಸಮಯವಿದೆ, ಒಳಗಿದ್ದರೆ ಹೊರಗೆ ಬಾ ಎಂದರ್ಥ. "ಅಯ್ಯೋ, ಆಚೆ ಬಾ ಅಂತ ಕೂಗ್ತಿತ್ತು, ನಾನು ಒಳಕ್ಕೆ ಹೋದೆ" ಎಂದು ರಂಗಯ್ಯ ಹಣೆ ಬಡಿದುಕೊಂಡ. ಉದ್ದನೆಯದು, ಒತ್ತಿದ್ದು ತಪ್ಪಾಯಿತು ಎಂಬುದಕ್ಕೆ. ಎರಡೆರಡು ಬಂದು ಹಳದಿ ದೀಪ ಹತ್ತಿದರೆ ಕರೆಂಟು ಹೋಗಿದೆ, ಪೆಟ್ಟಿಗೆ ಒಳಗಿನ ಬ್ಯಾಟರಿಯ ಮೇಲೆ ನಡೆಯುತ್ತಿದೆ. ಆಗ ಪರದೆಯಲ್ಲಿ AC LOSS. ಅಂದಿನಿಂದ ಚೈತ್ರ ರಟ್ಟು ಹಿಡಿದು ನಾಲಗೆಯಿಂದ ಸದ್ದು ಮಾಡುವುದು, ರಂಗಯ್ಯ ಪಟ್ಟಿ ಆರಿಸುವುದು ಎಂದಾಯಿತು. ನಿಂಗಮ್ಮ ಕಾಯಿ ಒಡೆಯುವ ಕೆಲಸ ಮುಗಿಸಿ ಬಂದವಳು, ಮುದುಕನೂ ಮಗುವೂ ಎದುರುಬದುರು ಕೂತು ಹಕ್ಕಿಗಳಂತೆ ಕೂಗಾಡುತ್ತಿರುವುದನ್ನು ನೋಡಿ ಏನೂ ಕೇಳದೆ ಒಳಗೆ ಹೋದಳು.

ಎರಡನೆಯ ಸೈರನ್ನಿನ ಗುಟ್ಟು ಮಾತ್ರ ರಟ್ಟಿನಿಂದ ಬಗೆಹರಿಯಲಿಲ್ಲ. ಕೊನೆಗೆ ಕೂಗಿದ್ದು ಯಾವ ಜಾಗವೆಂದು ಪೆಟ್ಟಿಗೆ ನೆನಪಿಟ್ಟಿರುತ್ತದೆ ಎಂದು ಪುಸ್ತಕದಲ್ಲಿತ್ತು. ಬೆಳಗ್ಗೆ ಆರೂವರೆಗೆ, ಹಮಾಲರು ಬರುವ ಮೊದಲು, ಚೈತ್ರ ತಾಯಿಗೆ ಹೇಳಿ ಗೋದಾಮಿಗೇ ಬಂದಳು. ರಂಗಯ್ಯ ಕಾವಲು ತೆಗೆಯಲು ಕೈ ಎತ್ತುವ ಮೊದಲೇ ಅವಳು ತಾನಾಗಿ ಗೋಡೆಯ ಕಡೆ ತಿರುಗಿ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಕಣ್ಣಾಮುಚ್ಚಾಲೆಯಲ್ಲಿ ಎಣಿಸುವವಳ ಹಾಗೆ. "ಆಯ್ತಾ ತಾತ?" "ಆಯ್ತು." ನಕ್ಷತ್ರದ ಗುಂಡಿ ಒತ್ತಿ ಹಿಡಿದಾಗ ಪರದೆಯ ಮೇಲೆ ZONE 3 ಎಂದು ಬಂತು.

ಇಬ್ಬರೂ ತೊಲೆಯ ಕೆಳಗೆ ನಿಂತು ಟಾರ್ಚು ಬಿಟ್ಟರು. ಕಣ್ಣಿನ ಗುಬುಟಾದ ಬಿಳಿ ಪ್ಲಾಸ್ಟಿಕ್ಕಿನ ಮೇಲೆ, ಅದರೊಳಗಿನ ಕೆಂಪು ಚುಕ್ಕಿಗೆ ಬರುವ ಹುಳುಗಳಿಗಾಗಿ, ಬೆರಳುದ್ದದ ಹಲ್ಲಿಯೊಂದು ತಲೆಕೆಳಗಾಗಿ ಕೂತಿತ್ತು. ಅದರ ಗಂಟಲು ಮಾತ್ರ ಮಿಡಿಯುತ್ತಿತ್ತು. ದೂರದಲ್ಲಿ ಹರಿದಾಡಿದರೆ ಲೆಕ್ಕಕ್ಕೆ ಬಾರದ ಜೀವ, ಕಣ್ಣಿನ ಮೇಲೆಯೇ ಸರಿದಾಗ ಆ ಯಂತ್ರಕ್ಕೆ ಆಳಿನಷ್ಟು ದೊಡ್ಡದಾಗಿ ತೋರಿರಬೇಕು. ರಂಗಯ್ಯ ಏಣಿ ಹತ್ತಿ ಅದನ್ನು ಓಡಿಸಿ, ಕಣ್ಣನ್ನು ಒಣ ಬಟ್ಟೆಯಿಂದ ಒರೆಸಿದ. ದಿನವೂ ಕಾವಲು ಹಾಕುವ ಮೊದಲು ಒಮ್ಮೆ ಪೊರಕೆ ಆಡಿಸುವುದು ಆ ಬೆಳಗಿನಿಂದ ಅವನ ಕೆಲಸಗಳಲ್ಲಿ ಸೇರಿತು.

ಮೇ ಮೊದಲ ವಾರ ಭರಣಿ ಮಳೆ ಗಾಳಿಯ ಸಮೇತ ಹೊಡೆಯಿತು. ರಾತ್ರಿ ಒಂಬತ್ತೂವರೆಗೆ ಕರೆಂಟು ಹೋಯಿತು. ಎರಡು ಬೀಪ್, ತುಸು ಬಿಟ್ಟು ಎರಡು. ರಂಗಯ್ಯ ಗಾಬರಿಯಾಗದೆ ಗುಂಡಿ ಒತ್ತಿ ಸದ್ದು ನಿಲ್ಲಿಸಿ, ರಿಜಿಸ್ಟರಿನಲ್ಲಿ "9:30 ಎಸಿ ಲಾಸ್, ಬ್ಯಾಟರಿ ಮೇಲೆ ಇದೆ" ಎಂದು ಬರೆದ. ಕಂಬ ಉರುಳಿದ್ದರಿಂದ ಕರೆಂಟು ಬರಲೇ ಇಲ್ಲ. ಮಳೆ ನಿಂತು, ಸೂರಿನ ಹನಿಗಳೂ ನಿಂತು, ಮೂರೂವರೆಯ ಹೊತ್ತಿಗೆ ಅವನಿಗೆ ತೂಕಡಿಕೆ ಬಂದಾಗ ಕೋಣೆಯಲ್ಲಿ ಹೊಸ ಸದ್ದೊಂದು ಆಯಿತು. ಒಂದೇ ಒಂದು, ತುಂಬ ಗಿಡ್ಡ, ನೀರಿನ ಹನಿ ಪಾತ್ರೆಗೆ ಬಿದ್ದಷ್ಟು. ಅವನು ಎದ್ದು ಕೂತು ಕಾದ. ಸುಮಾರು ಒಂದು ನಿಮಿಷದ ಮೇಲೆ ಮತ್ತೆ ಒಂದು. ರಟ್ಟಿನ ಪಾಠದಲ್ಲಿ ಈ ಸದ್ದು ಇರಲಿಲ್ಲ.

ಪರದೆಯಲ್ಲಿ LOW BATT ಎಂದಿತ್ತು. ರಂಗಯ್ಯ ಟಾರ್ಚನ್ನು ಕಂಕುಳಲ್ಲಿ ಇರುಕಿಕೊಂಡು, ಪುಸ್ತಕ ತೆರೆದು, ಆ ಅಕ್ಷರಗಳ ಆಕಾರವನ್ನೇ ಹುಡುಕುತ್ತ ಸಾಲುಗಳ ಮೇಲೆ ಬೆರಳು ಸರಿಸಿದ. ಹನ್ನೆರಡನೆಯ ಪುಟದಲ್ಲಿ ಸಿಕ್ಕಿತು. ಅದರ ಪಕ್ಕದ ಇಂಗ್ಲಿಷು ತಿಳಿಯಲಿಲ್ಲ, ಆದರೆ ಚಿತ್ರ ತಿಳಿಯಿತು: ಕಪ್ಪು ಇಟ್ಟಿಗೆಯಂತಹ ಬ್ಯಾಟರಿ, ಅದರ ಮೇಲೆ 12V, ಒಳಗೆ ತಳಕ್ಕಿಳಿದ ಗೆರೆ. ಅವನು ಮಹೇಶನಿಗೆ ಫೋನು ಮಾಡಿದ.

"ಸಾರ್, ಬ್ಯಾಟರಿ ಮುಗೀತಾ ಬಂದಿದೆ. ಇನ್ನು ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಮಲಗುತ್ತೆ. ನೀವು ಬರಬೇಡಿ, ನಾನು ಶಟರ್ ಮುಂದೆ ಕೂತಿರ್ತೀನಿ. ಹೇಳಿರಬೇಕಲ್ಲ ಅಂತ ಮಾಡಿದೆ."

ಆ ಕಡೆ ಒಂದು ಗಳಿಗೆ ಮಾತಿರಲಿಲ್ಲ. "ಯಾರು ಹೇಳಿದ್ರು ನಿಮಗೆ?"

"ಅದೇ ಹೇಳ್ತಿದೆ ಸಾರ್."

ನಾಲ್ಕೂಕಾಲಿಗೆ ಪರದೆ ಆರಿತು. ರಂಗಯ್ಯ ಮಂಚವನ್ನು ಶಟರಿಗೆ ಅಡ್ಡಲಾಗಿ ಎಳೆದು, ದೊಣ್ಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಹನ್ನೊಂದು ವರ್ಷ ಕೂತಂತೆಯೇ ಬೆಳಗಿನವರೆಗೆ ಕೂತ. ಒಳಗೆ ಇಲಿಯೊಂದು ಗೋಣಿ ಕಡಿಯುತ್ತಿತ್ತು. ಬೇರೇನೂ ಇರಲಿಲ್ಲ.

ಮನೆಗೆ ಬಂದಾಗ ಚೈತ್ರ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ, "ಪುಟ್ಟಿ, ಇದು ಯಾವ್ದು ಹೇಳು ನೋಡೋಣ" ಎಂದು ತುಟಿ ಕೂಡಿಸಿ ಒಂದು ಗಿಡ್ಡ ಸದ್ದು ಮಾಡಿ ಸುಮ್ಮನೆ ನಿಂತ. ಅವಳು ಕಾದಳು. ಬಾಯಿಯ ನೊರೆ ಗಲ್ಲಕ್ಕಿಳಿಯಿತು.

"ಇನ್ನೊಂದು ಕೂಗಲ್ವಾ?"

"ನಿಮಿಷ ಆಗ್ಬೇಕು. ತಡಿ."

ಅವಳು ಬಾಯಿ ಮುಕ್ಕಳಿಸಿ, ಒಳಗೆ ಓಡಿಹೋಗಿ, ರಟ್ಟನ್ನೂ ಒಂದು ಖಾಲಿ ಪಟ್ಟಿಯನ್ನೂ ತಂದು, ಪೆನ್ಸಿಲು ಹಿಡಿದು ಅವನ ಎದುರು ಕೂತಳು.